ಜೇಬು ನೋಡಿ ಜಾಕೆಟ್ ಕೊಳ್ಳಿ

ಜೂನ್, ಜುಲೈ ತಿಂಗಳಲ್ಲಿ ಕೊಯಮತ್ತೂರಿಗೆ ಹೋದವರಿಗೆ ಅಲ್ಲಿನ ಗಾಳಿಯನ್ನು ಪರಿಚಯಿಸಬೇಕಾಗಿಲ್ಲ. ಸಹ್ಯಾದ್ರಿಯ ಸಾಲಿನಲ್ಲಿ ಸುಮಾರು 30 ಕಿ.ಮೀ. ಅಗಲದ ಪಾಲಕ್ಕಾಡ್ ಕಂಡಿ ಇದೆ. ಅರಬ್ಬೀ ಸಮುದ್ರದ ಕಡೆಯಿಂದ ಬರುವ ಮುಂಗಾರು ಗಾಳಿ ಅಲ್ಲಿ ನುಗ್ಗಿ, ಮಳೆಯ ಬಹುಪಾಲನ್ನು ಕೇರಳದಲ್ಲೇ ಸುರಿಸಿ, ಉಳಿದ ಹನಿಯನ್ನೂ ಪೂರ್ತಿ ರಭಸವನ್ನೂ ಹೊತ್ತು ಕೊಯಮತ್ತೂರು, ಪಲ್ಲಡಂ, ಉಡುಮಲೈಪೇಟೆಯತ್ತ ಬೀಸುತ್ತದೆ. ಆ ಬಯಲಿನಲ್ಲಿ ಅಷ್ಟೊಂದು ಗಾಳಿಯಂತ್ರಗಳು ನಿಂತಿರುವುದು ಸುಮ್ಮನೆ ಅಲ್ಲ. ಬೆಳಿಗ್ಗೆ ಬಿಸಿಲು, ಹನ್ನೊಂದಕ್ಕೆ ತುಂತುರು, ಹತ್ತೇ ನಿಮಿಷದಲ್ಲಿ ಮತ್ತೆ ಬಿಸಿಲು. ಅಕ್ಟೋಬರ್, ನವೆಂಬರ್‌ನ ಹಿಂಗಾರಿನ ಲೆಕ್ಕವೇ ಬೇರೆ. ಮಧ್ಯಾಹ್ನವೆಲ್ಲ ಸೆಕೆ, ಸಂಜೆ ಗುಡುಗು, ಆಮೇಲೆ ಲಂಕಾ ಕಾರ್ನರ್ ಅಂಡರ್‌ಪಾಸಿನಲ್ಲಿ ನೀರು.

ಇಂಥ ಊರಿಗೆ ಮಡಚಿ ಚೀಲಕ್ಕೆ ಹಾಕಿಕೊಳ್ಳುವ ಜಾಕೆಟ್ ಬೇಕೆಂದು ಹುಡುಕಿದರೆ ಅಂಗಡಿಯವರು ಮೊದಲು ತೋರಿಸುವುದು ಬೆಚ್ಚನೆಯದು, ಇಲ್ಲವೇ ಪೂರ್ತಿ ವಾಟರ್‌ಪ್ರೂಫ್. ನನ್ನ ಮಟ್ಟಿಗೆ ಎರಡೂ ಇಲ್ಲಿಗೆ ಸಲ್ಲದ ಆಯ್ಕೆ.

ಉಕ್ಕಡಂ ನಿಲ್ದಾಣದಿಂದ ಪೊಳ್ಳಾಚಿ, ಆಳಿಯಾರ್ ಮೇಲೆ ವಾಲ್ಪಾರೈಗೆ ಹೋಗುವ ಒಂದು ದಿನವನ್ನೇ ನೋಡಿ. ಕೊಯಮತ್ತೂರು ಸಮುದ್ರಮಟ್ಟದಿಂದ ಸುಮಾರು 410 ಮೀಟರ್ ಎತ್ತರದಲ್ಲಿದೆ, ವಾಲ್ಪಾರೈ ಸಾವಿರ ಮೀಟರ್ ದಾಟುತ್ತದೆ. ನಡುವೆ 40 ಹೇರ್‌ಪಿನ್ ತಿರುವು. ಎತ್ತರದ ಲೆಕ್ಕಕ್ಕೆ ಹಿಡಿದರೆ ಉಷ್ಣತೆ ಇಳಿಯುವುದು ಬರೀ ನಾಲ್ಕೈದು ಡಿಗ್ರಿ. ಆದರೂ ಬಸ್ಸಿನ ಕಿಟಕಿ ಪಕ್ಕ ಕೂತವರು ಅರ್ಧ ಘಾಟಿ ಹತ್ತುವಷ್ಟರಲ್ಲಿ ಕೈಕಟ್ಟಿಕೊಂಡು ಮುದುರುತ್ತಾರೆ. ಪೊಳ್ಳಾಚಿಯಲ್ಲಿ ಬೆವರಿದ ಅಂಗಿ ಇನ್ನೂ ಒದ್ದೆ, ಅದರ ಮೇಲೆ ಗಾಳಿ ಬಡಿಯುತ್ತಿದೆ, ಮೋಡ ಕಿಟಕಿಯಿಂದ ಒಳಗೇ ಬರುತ್ತಿದೆ. ಚಳಿ ಹುಟ್ಟುವುದು ಹೀಗೆ. ಇದಕ್ಕೆ ಹತ್ತಿ ತುಂಬಿದ ಜಾಕೆಟ್ ಬೇಕಿಲ್ಲ. ಗಾಳಿ ತಡೆಯುವ ತೆಳುವಾದ ಒಂದು ಪದರ ಸಾಕು.

ಪೂರ್ತಿ ವಾಟರ್‌ಪ್ರೂಫ್ ಜಾಕೆಟ್ಟಿನ ತೊಡಕು ಬೆವರಿನದು. ನೀರು ಒಳಗೆ ಬಿಡದೆ ಬೆವರಿನ ಆವಿಯನ್ನು ಹೊರಗೆ ಬಿಡುತ್ತದೆ ಎಂದು ಅದರ ಚೀಟಿಯಲ್ಲಿ ಅಚ್ಚಾಗಿರುತ್ತದೆ. ಸುಳ್ಳಲ್ಲ, ಆದರೆ ಆವಿ ತಾನಾಗಿ ಹೊರಗೆ ಹೋಗುವುದಿಲ್ಲ. ಒಳಗಿನ ಆವಿಯ ಒತ್ತಡ ಹೊರಗಿನದಕ್ಕಿಂತ ಹೆಚ್ಚಿದ್ದಷ್ಟೂ ಅದು ಬೇಗ ದಾಟುತ್ತದೆ. ಯುರೋಪಿನ ಹತ್ತು ಡಿಗ್ರಿ ಚಳಿಯಲ್ಲಿ ಈ ವ್ಯತ್ಯಾಸ ದೊಡ್ಡದು. ಇಪ್ಪತ್ತೆಂಟು ಡಿಗ್ರಿಯ, ಮಳೆ ಬಂದು ತೇವ ತುಂಬಿದ ಕೊಯಮತ್ತೂರಿನ ಸಂಜೆಯಲ್ಲಿ ಅದು ಅರ್ಧಕ್ಕೂ ಕಡಿಮೆ. ಚೀಟಿಯ ಮಾತು ಇಲ್ಲಿ ಹಾಗೆಯೇ ನಡೆಯುವುದಿಲ್ಲ. ಗಾಂಧಿಪುರಂನಿಂದ ಟೌನ್‌ಹಾಲ್‌ವರೆಗೆ ಚುರುಕಾಗಿ ನಡೆದರೆ ಸಾಕು, ಮಳೆ ಹೊರಗೆ, ನೀವು ಒಳಗೆ, ಇಬ್ಬರೂ ಒದ್ದೆ. ಹಾಗಾಗಿ ಬಟ್ಟೆ ಉಸಿರಾಡುತ್ತದೆ ಎಂಬ ಮಾತಿಗೆ ಹೆಚ್ಚು ದುಡ್ಡು ಕೊಡುವ ಬದಲು ಕಂಕುಳಲ್ಲಿ ಜಿಪ್ ಅಥವಾ ಬೆನ್ನಿನ ಮೇಲ್ಭಾಗದಲ್ಲಿ ಗಾಳಿ ಆಡುವ ತೆರಪು ಇದೆಯೇ ಎಂದು ನೋಡುವುದು ಮೇಲು.

ಇನ್ನು ಜೇಬಿನ ವಿಷಯ. 2015ರಲ್ಲಿ ಅಮೆರಿಕದ ಬಾಬ್ಯಾಕ್ಸ್ ಎಂಬ ಕಂಪನಿ ಪ್ರಯಾಣದ ಜಾಕೆಟ್ಟೊಂದಕ್ಕೆ ಕಿಕ್‌ಸ್ಟಾರ್ಟರ್‌ನಲ್ಲಿ ಜನರಿಂದ ಮುಂಗಡವಾಗಿ 90 ಲಕ್ಷ ಡಾಲರಿಗೂ ಹೆಚ್ಚು ಹಣ ಎತ್ತಿತು. ಹುಡ್ಡಿನಲ್ಲೇ ಊದಿಕೊಳ್ಳುವ ದಿಂಬು, ಕಣ್ಣಿಗೆ ಪಟ್ಟಿ, ಕೈಗೆ ಗವಸು, ನೀರಿನ ಬಾಟಲಿಗೂ ಜೇಬು ಎಂದು ಹದಿನೈದು ಸೌಲಭ್ಯಗಳ ಪಟ್ಟಿ ಅದಕ್ಕಿತ್ತು. ವಿಮಾನದಲ್ಲಿ ಕೂತು ನಿದ್ದೆ ಮಾಡುವವರಿಗೆ ಆಗಬಹುದು. ಆದರೆ ಜೇಬಿನ ಎಣಿಕೆಯನ್ನೇ ಗುಣವೆಂದು ನಂಬುವ ಚಾಳಿ ಅದರ ನಂತರ ಎಲ್ಲ ಕಡೆ ಕಾಣಿಸುತ್ತದೆ. ತೆಳು ಜಾಕೆಟ್ಟಿನ ಜೇಬುಗಳಲ್ಲಿ ಸಾಮಾನು ತುಂಬಿದರೆ ಅದು ಮೈಮೇಲೆ ಜೋಲಾಡುತ್ತದೆ. ಬಿಸಿಲು ಬಂದಾಗ ಬಿಚ್ಚಿ ಮಡಚಬೇಕೆಂದರೆ ಎಲ್ಲವನ್ನೂ ಹೊರಗೆ ತೆಗೆಯಬೇಕು. ದಿನಕ್ಕೆ ನಾಲ್ಕು ಸಲ ಹಾಕಿ ಬಿಚ್ಚುವ ಊರಿನಲ್ಲಿ ಇದು ದೊಡ್ಡ ಪೀಕಲಾಟ.

ಇದಕ್ಕಿಂತ ಹಳೆಯ ಉಪಾಯ 1965ರ ಪ್ಯಾರಿಸ್ಸಿನದು. ಕೆ-ವೇ ಎಂಬ ನೈಲಾನ್ ಜಾಕೆಟ್ಟನ್ನು ಅದರದೇ ಜೇಬಿನೊಳಗೆ ತುರುಕಿ ಸೊಂಟಕ್ಕೆ ಕಟ್ಟಿಕೊಳ್ಳಬಹುದಿತ್ತು. ಇಂದಿನ ಮಡಚುವ ಜಾಕೆಟ್ಟುಗಳೆಲ್ಲ ಸುಮಾರಾಗಿ ಅದೇ ದಾರಿಯವು. ಮಡಚಿ ತುಂಬುವ ಜೇಬಿನ ಜಿಪ್ಪಿಗೆ ಒಳಗೂ ಹೊರಗೂ ಎಳೆಯುವ ಹಿಡಿ ಇರುತ್ತದೆ, ಗುರುತು ಅದೇ. ಅದು ಯಾವ ಜೇಬಿಗಿದೆ ಎಂಬುದನ್ನು ಮಾತ್ರ ಯಾರೂ ಗಮನಿಸುವುದಿಲ್ಲ. ಎಡಗೈಯ ಹೊರಜೇಬಿಗಿದ್ದರೆ ನೀವು ಫೋನೋ ಚಿಲ್ಲರೆಯೋ ಇಡುವುದು ಅಲ್ಲೇ, ಮಡಚಲು ಖಾಲಿ ಮಾಡಬೇಕಾದದ್ದೂ ಅದನ್ನೇ. ಎದೆಯ ಒಳಭಾಗದಲ್ಲಿ, ಬೇರೆ ಕೆಲಸಕ್ಕೆ ಬಾರದ ದೊಡ್ಡ ಚೌಕದ ಜೇಬಿಗಿದ್ದರೆ ಆ ತಾಪತ್ರಯವಿಲ್ಲ. ಜೊತೆಗೆ ಜೇಬು ಕೊಂಚ ಸಡಿಲವಾಗಿರಬೇಕು. ಅಂಗಡಿಯ ಹುಡುಗ ಮೇಜಿನ ಮೇಲೆ ಹಾಸಿ, ತೀಡಿ, ಸುತ್ತಿ ತುಂಬಿಸಿ ತೋರಿಸಿದರೆ ಒಪ್ಪಬೇಡಿ. ಬಸ್ಸಿನ ಸೀಟಿನಲ್ಲಿ ಕೂತಂತೆ, ಮಡಿಲಲ್ಲೇ ಇಟ್ಟು ಹೇಗೆಂದರೆ ಹಾಗೆ ತುರುಕಿ ನೋಡಿ.

ಹೊರಜೇಬಿನಲ್ಲಿ ನೋಡಬೇಕಾದದ್ದು ಜಿಪ್ ಮುಗಿಯುವ ಜಾಗ. ಹೊಲಿಗೆಯಲ್ಲಿ ಜಿಪ್ಪಿನ ಬಾಯಿ ಮುಗಿದ ಮೇಲೂ ಜೇಬಿನ ಚೀಲ ನಾಲ್ಕೈದು ಸೆಂಟಿಮೀಟರ್ ಕೆಳಗೆ ಇಳಿದಿರಬೇಕು. ಬಾಯಿ ತಳದವರೆಗೂ ಇದ್ದರೆ, ಕೂತಾಗ ಜೇಬು ಓರೆಯಾಗಿ ಫೋನ್ ಸೀಟಿನ ಸಂದಿಗೆ ಜಾರುತ್ತದೆ. ಫೋನನ್ನು ಒಳಗಿಟ್ಟು, ಜಿಪ್ ಎಳೆಯದೆ, ಕುರ್ಚಿಯಲ್ಲಿ ಕೂತು ಎದ್ದರೆ ಗೊತ್ತಾಗಿಬಿಡುತ್ತದೆ. ಬೆನ್ನುಚೀಲ ಹಾಕಿ ಸೊಂಟದ ಪಟ್ಟಿ ಬಿಗಿದಾಗ ಜೇಬಿನ ಬಾಯಿ ಪಟ್ಟಿಯ ಅಡಿಗೆ ಸಿಕ್ಕುತ್ತದೆಯೇ ಎಂಬುದನ್ನೂ ಅಲ್ಲೇ ನೋಡಬಹುದು.

ಜೇಬಿನ ಚೀಲ ಯಾವುದರದ್ದು ಎಂಬುದರಲ್ಲೂ ಒಂದು ಕೊಡುಕೊಳೆ ಇದೆ. ಜಾಲರಿ ಬಟ್ಟೆಯದಾದರೆ ಜಿಪ್ ತೆರೆದಿಟ್ಟಾಗ ಗಾಳಿ ಆಡುತ್ತದೆ, ಆದರೆ ಮೈಯ ಬೆವರು ನೇರ ಫೋನಿಗೆ ತಗಲುತ್ತದೆ. ಜಾಕೆಟ್ಟಿನದೇ ಬಟ್ಟೆಯಾದರೆ ಸಾಮಾನು ಒಣಗಿರುತ್ತದೆ, ಸೆಕೆ ಸ್ವಲ್ಪ ಹೆಚ್ಚು. ಹೊರಜೇಬು ಎರಡೂ ಜಾಲರಿಯಾಗಿ, ಒಳಗಿನ ಒಂದು ಮಾತ್ರ ದಟ್ಟ ಬಟ್ಟೆಯದಾಗಿದ್ದರೆ ಅದು ಯೋಚಿಸಿ ಹೊಲಿದ ಜಾಕೆಟ್ ಎಂದು ನಾನು ಲೆಕ್ಕ ಹಾಕುತ್ತೇನೆ.

ಮಳೆನೀರು ಹೆಚ್ಚಾಗಿ ಬಟ್ಟೆಯಿಂದ ಇಳಿಯುವುದಿಲ್ಲ, ಸೂಜಿಯ ತೂತಿನಿಂದ ಇಳಿಯುತ್ತದೆ. ಅದಕ್ಕೇ ಹೊಲಿಗೆಯ ಒಳಮೈಗೆ ಬಿಸಿಯಲ್ಲಿ ಟೇಪ್ ಅಂಟಿಸುತ್ತಾರೆ. ಹುಡ್ಡು, ಭುಜಗಳಿಗೆ ಅಂಟಿಸಿ ಜೇಬಿನ ಜಿಪ್ಪಿನ ಹಿಂಬದಿಯನ್ನು ಹಾಗೇ ಬಿಟ್ಟಿರುವುದು ತೀರಾ ಸಾಮಾನ್ಯ. ನೀರು ಅಲ್ಲಿ ನುಗ್ಗಿ ಜೇಬಿನ ತಳದಲ್ಲಿ ನಿಲ್ಲುತ್ತದೆ, ಹೊರಗಿನಿಂದ ಏನೂ ಕಾಣುವುದಿಲ್ಲ. ಲಾಡ್ಜಿಗೆ ಬಂದ ಮೇಲೆ ಪರೀಕ್ಷೆ ಸುಲಭ. ಪ್ರತಿ ಜೇಬಿಗೂ ದಿನಪತ್ರಿಕೆಯ ತುಂಡೊಂದನ್ನು ಇಟ್ಟು, ಜಿಪ್ ಎಳೆದು, ಜಾಕೆಟ್ಟನ್ನು ಹ್ಯಾಂಗರಿಗೆ ತೂಗುಹಾಕಿ ಐದು ನಿಮಿಷ ಶವರ್ ಬಿಡಿ. ಒಣಗಿರುವ ಕಾಗದ ಯಾವ ಜೇಬಿನಲ್ಲಿ ಸಿಗುತ್ತದೋ ಅದು ಫೋನಿನ ಜೇಬು. ಒದ್ದೆಯಾದವು ಕರ್ಚೀಫಿಗೆ.

ಇದನ್ನೆಲ್ಲ ನೋಡಿ ಕೊಳ್ಳಲು ತಿರುಪ್ಪೂರಿನ ಖಾದರ್‌ಪೇಟೆ ಒಳ್ಳೆಯ ಜಾಗ, ಎಚ್ಚರ ತಪ್ಪಿಸುವ ಜಾಗವೂ ಹೌದು. ರಫ್ತಿಗೆ ಹೊಲಿದು ಉಳಿದ ಬಟ್ಟೆ ಅಲ್ಲಿ ರಾಶಿ ರಾಶಿಯಾಗಿ ಬೀಳುತ್ತದೆ. ಬೆಂಗಳೂರಿನ ವ್ಯಾಪಾರಿಗಳು ಬಂದು ಹೋಗುವುದರಿಂದ ಅಂಗಡಿಗಳಲ್ಲಿ ಹರಕುಮುರುಕು ಕನ್ನಡವೂ ನಡೆಯುತ್ತದೆ. ಆದರೆ ತಿರುಪ್ಪೂರಿನ ಹೆಸರು ಬನಿಯನ್, ಟೀ ಷರ್ಟುಗಳದ್ದು, ಅಂದರೆ ಹೆಣೆದ ಬಟ್ಟೆಯದ್ದು. ಅಲ್ಲಿ ವಿಂಡ್‌ಚೀಟರ್ ಎಂದು ತೂಗುಹಾಕಿದ್ದರಲ್ಲಿ ಬಹಳಷ್ಟು ಹೆಣೆದ ಪಾಲಿಯೆಸ್ಟರಿನ ಟ್ರ್ಯಾಕ್ ಜಾಕೆಟ್. ಮೈಗೆ ಹಿತ, ಹೊಲಿಗೆ ಅಚ್ಚುಕಟ್ಟು, ಬೆಲೆ ಕಡಿಮೆ. ಆದರೆ ಗಾಳಿ ತಡೆಯುವುದಿಲ್ಲ, ನೀರು ಹೀರುತ್ತದೆ, ಮಡಚಿದರೆ ಬ್ರೆಡ್ಡಿನ ಪೊಟ್ಟಣದಷ್ಟಾಗುತ್ತದೆ.

“ಸಾರ್, ಎಕ್ಸ್‌ಪೋರ್ಟ್ ಪೀಸು, ಪಕ್ಕಾ ವಾಟರ್‌ಪ್ರೂಫ್” ಎಂದು ಒಮ್ಮೆ ಅಲ್ಲಿನ ಅಂಗಡಿಯವರು ಒಂದು ಜಾಕೆಟ್ಟನ್ನು ಕೈಗಿತ್ತರು.

“ಊದಿ ನೋಡ್ಲಾ ಅಣ್ಣ?” ಎಂದೆ. ತೋಳಿನ ಬಟ್ಟೆಯನ್ನು ತುಟಿಗೆ ಒತ್ತಿ ಊದಿದರೆ ಉಸಿರು ಆಚೆಯ ಅಂಗೈಗೆ ಸಲೀಸಾಗಿ ತಗಲಿತು. ಅವರು ನಕ್ಕು, ಒಳಗಿನ ಕಪಾಟಿನಿಂದ ಇನ್ನೊಂದು ತಂದರು. ಅದು ನೇಯ್ದ ನೈಲಾನಿನದು.

ಉಸಿರು ದಾಟದಿದ್ದರೆ, ಅಥವಾ ಕಷ್ಟಪಟ್ಟು ಕೊಂಚವೇ ದಾಟಿದರೆ, ಗಾಳಿಗೆ ಆ ಬಟ್ಟೆ ಸಾಕು. ಬಟ್ಟೆಯನ್ನು ಅಡ್ಡಡ್ಡ ಎಳೆದಾಗ ಬನಿಯನ್ನಿನಂತೆ ಹಿಗ್ಗಿದರೆ ಅದು ಹೆಣೆದದ್ದು ಎನ್ನುವುದಕ್ಕೆ ಇನ್ನೊಂದು ಸುಳಿವು. ನೇಯ್ದ ನೈಲಾನಿನ, ಅಸ್ತರಿಲ್ಲದ, ಒಳಮೈಗೆ ತೆಳು ಲೇಪವಿರುವ ಜಾಕೆಟ್ 200ರಿಂದ 300 ಗ್ರಾಂ ತೂಗುತ್ತದೆ. ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳಿಗೆ ನಾನು ಹೇಳುವುದು ಇದನ್ನೇ. ಹುಡ್ಡು, ಭುಜದ ಹೊಲಿಗೆಗೆ ಟೇಪ್, ಬೆನ್ನಿಗೆ ತೆರಪು, ಎರಡು ಹೊರಜೇಬು, ಫೋನಿಗೆ ಒಂದು ಒಳಜೇಬು, ಮಡಚಲು ಇನ್ನೊಂದು. ಇಷ್ಟಿದ್ದು ಬಣ್ಣ ಹಿಡಿಸದಿದ್ದರೂ ತೆಗೆದುಕೊಳ್ಳಬಹುದು.

ಇದರ ಮಿತಿಯನ್ನೂ ಹೇಳಬೇಕು. ಹಿಂಗಾರಿನ ಸಂಜೆಯಲ್ಲಿ ಸ್ಕೂಟರ್ ಮೇಲೆ ಅವಿನಾಶಿ ರಸ್ತೆಯಲ್ಲಿ ಹೋಗುವವರಿಗೆ ಇದು ಸಾಲದು, ಪ್ಯಾಂಟಿನ ಸಮೇತದ ದಪ್ಪ ರೇನ್‌ಕೋಟೇ ಬೇಕು. ವಾಲ್ಪಾರೈಯಲ್ಲಿ ಜುಲೈನ ಮಳೆ ದಿನಗಟ್ಟಲೆ ಬಿಡದೆ ಹೊಯ್ಯುವಾಗಲೂ ಈ ಜಾಕೆಟ್ ಬಸ್ಸಿನಿಂದ ಹೋಟೆಲಿನವರೆಗಿನ ನಡಿಗೆಗೆ ಮಾತ್ರ.

ಉಳಿಕೆ ಮಾಲಿನಲ್ಲಿ ಮತ್ತೊಂದು ಅಪಾಯವಿದೆ, ಅದು ಹೊಸತಾಗಿ ಕಾಣುವ ಜಾಕೆಟ್ಟಿನಲ್ಲೇ ಇರುತ್ತದೆ. ಒಳಮೈಯ ಪಾಲಿಯುರೆಥೇನ್ ಲೇಪ ತೇವ, ಸೆಕೆಗಳಲ್ಲಿ ನಿಧಾನವಾಗಿ ಕೆಡುತ್ತದೆ. ಯಾರೂ ತೊಡದೆ ಗೋದಾಮಿನ ಪ್ಲಾಸ್ಟಿಕ್ ಚೀಲದಲ್ಲಿ ವರ್ಷಗಟ್ಟಲೆ ಕೂತದ್ದಾದರೆ ಮೊದಲು ಅಂಟಂಟಾಗಿ, ಆಮೇಲೆ ಹೊಟ್ಟಿನಂತೆ ಉದುರುತ್ತದೆ. ಒದ್ದೆ ಜಾಕೆಟ್ಟನ್ನು ಅದರ ಜೇಬಿನಲ್ಲೇ ತುರುಕಿ ಬೀರುವಿನಲ್ಲಿ ಮರೆತರೂ ಇದೇ ಗತಿ, ಹಾಗಾಗಿ ಊರಿಗೆ ಬಂದ ಮೇಲೆ ಒಣಗಿಸಿ ಬಿಡಿಯಾಗಿ ತೂಗುಹಾಕಬೇಕು. ಕೊಳ್ಳುವಾಗ ಹುಡ್ಡನ್ನು ಮಗುಚಿ, ಒಳಲೇಪದ ಮೇಲೆ ಹೆಬ್ಬೆರಳನ್ನು ಒತ್ತಿ ಉಜ್ಜಿ ನೋಡಿ. ಬೆರಳು ಹಿಡಿದುಕೊಂಡರೆ, ಹುಳಿ ವಾಸನೆ ಬಂದರೆ, ಟೇಪಿನ ಅಂಚು ಎದ್ದಿದ್ದರೆ ಅರ್ಧ ಬೆಲೆಗೆ ಕೊಟ್ಟರೂ ಬೇಡ. ಉದುರಲು ಶುರುವಾದ ಲೇಪಕ್ಕೆ ರಿಪೇರಿ ಇಲ್ಲ.