ಹೆಸರಿಗಿಂತ ಮೊದಲು ಬಂದ ಸಾವು

ಕೆಲವು ವರ್ಷಗಳ ಹಿಂದೆ ನಾಗಪುರದ ಸಿವಿಲ್ ಲೈನ್ಸಿನ ಸಭಾಂಗಣವೊಂದರಲ್ಲಿ ಒಂದು ಸೇವಾಸಂಸ್ಥೆ ನಿಧಿ ಸಂಗ್ರಹಕ್ಕಾಗಿ ಸಂಜೆಯ ಕಾರ್ಯಕ್ರಮ ಇಟ್ಟುಕೊಂಡಿತ್ತು. ದೀಪ ಬೆಳಗಿದ್ದಾಯಿತು, ಅತಿಥಿಗಳಿಗೆ ಶಾಲು ಹೊದಿಸಿದ್ದಾಯಿತು, ವರ್ಷದ ಕೆಲಸದ ಲೆಕ್ಕ ಪರದೆಯ ಮೇಲೆ ಬಂದುಹೋಯಿತು. ಆಮೇಲೆ ನಿರೂಪಕರು ದನಿ ತಗ್ಗಿಸಿ, ಯವತಮಾಳ ಜಿಲ್ಲೆಯ ಹತ್ತಿ ಬೆಳೆಗಾರನೊಬ್ಬ ಸಾಲಕ್ಕೆ ಹೆದರಿ ಕೀಟನಾಶಕ ಕುಡಿದ ರಾತ್ರಿಯನ್ನು ವರ್ಣಿಸಲು ತೊಡಗಿದರು. ನಾಲ್ಕೈದು ನಿಮಿಷದ ವರ್ಣನೆ ಮುಗಿದ ಮೇಲೆ ಆತನ ಹೆಂಡತಿಯನ್ನು ವೇದಿಕೆಗೆ ಕರೆದರು. ಅವರ ಹೆಸರು ನಮಗೆ ಗೊತ್ತಾದದ್ದು ಆಗಲೇ, ಗಂಡನ ಸಾವಿನ ನಂತರ. ಆಕೆ ಕೈಮುಗಿದು "ಎಲ್ಲರ ಉಪಕಾರ ಆಯಿತು" ಎಂದಷ್ಟೇ ಹೇಳಿ, ಸಂಸ್ಥೆ ಕೊಟ್ಟ ಹೊಲಿಗೆ ಯಂತ್ರದ ಪಕ್ಕ ನಿಂತು ಫೋಟೊ ತೆಗೆಸಿಕೊಂಡು ಇಳಿದರು. ಅವರು ಮೆಟ್ಟಿಲು ಇಳಿಯುವ ಮೊದಲೇ ಸ್ವಯಂಸೇವಕರು ಸಾಲುಗಳ ನಡುವೆ ಲಕೋಟೆ ಹಂಚುತ್ತಿದ್ದರು.

ಅನೇಕರು ಅತ್ತರು. ಹಣವೂ ಕೂಡಿತು. ಆದರೆ ಮೂರನೆಯ ಸಾಲಿನಲ್ಲಿ ಆಕೆಯ ಮಗ ಕುಳಿತಿದ್ದ. ಅಪ್ಪ ಹಾವು ಕಚ್ಚಿ ಸತ್ತನೆಂದೇ ಮನೆಯವರು ಅವನಿಗೆ ಹೇಳಿಕೊಂಡು ಬಂದಿದ್ದರು. ಸತ್ಯ ಅವನಿಗೆ ತಿಳಿದದ್ದು ಧ್ವನಿವರ್ಧಕದಿಂದ, ಇನ್ನೂರು ಜನ ಅಪರಿಚಿತರ ಜೊತೆಯಲ್ಲಿ.

ಆ ಸಂಸ್ಥೆಯವರು ಕೆಟ್ಟವರಲ್ಲ. ಅವರು ನೆಚ್ಚಿಕೊಂಡ ರೂಢಿ ಮಾತ್ರ ತಪ್ಪು. ದಾನಿಗಳಿಗೆ ಕೆಲಸದ ಜೊತೆ ನಂಟು ಬೆಳೆಯಬೇಕಾದರೆ ನೆರವು ಪಡೆದವರನ್ನು ಕಣ್ಣೆದುರು ನಿಲ್ಲಿಸಬೇಕು, ಅವರ ಅತಿ ಕೆಟ್ಟ ದಿನವನ್ನು ಹೇಳಬೇಕು ಎನ್ನುವುದು ಆ ರೂಢಿ. ಇದರ ಮೊದಲರ್ಧವನ್ನು ನಾನು ಒಪ್ಪುತ್ತೇನೆ, ಎರಡನೆಯದನ್ನು ಒಪ್ಪಲಾರೆ. ಒಪ್ಪದಿರಲು ಆಧಾರ ನಾಗಪುರದಿಂದ ನೂರು ಕಿಲೋಮೀಟರಿನಷ್ಟು ದೂರದಲ್ಲೇ ಇದೆ.

ನಾಗಪುರ–ಚಂದ್ರಪುರ ದಾರಿಯಲ್ಲಿ ವರೋರಾ ಸಿಗುತ್ತದೆ. ಬಾಬಾ ಆಮ್ಟೆ 1949ರಲ್ಲಿ ಮಹಾರೋಗಿ ಸೇವಾ ಸಮಿತಿಯನ್ನು ಕಟ್ಟಿ, ಕುಷ್ಠರೋಗಿಗಳ ಜೊತೆ ಬಂಜರು ನೆಲ ಅಗೆದು ಆನಂದವನ ಬೆಳೆಸಿದ ಊರು ಅದು. ದಾನ ಮನುಷ್ಯನನ್ನು ಕೆಡವುತ್ತದೆ, ದುಡಿಮೆ ಕಟ್ಟುತ್ತದೆ ಎಂಬುದು ಅವರ ನಿಲುವಾಗಿತ್ತು. ಆದರೆ ದುಡಿದು ಬೆಳೆದ ತರಕಾರಿಯನ್ನು ಮೊದಮೊದಲು ಪೇಟೆಯವರು ಮುಟ್ಟಲಿಲ್ಲ. ಆ ಅಂಜಿಕೆ ಭಾಷಣದಿಂದ ಕರಗಲಿಲ್ಲ. 1950ರ ದಶಕದಲ್ಲಿ ಸರ್ವಿಸ್ ಸಿವಿಲ್ ಇಂಟರ್‌ನ್ಯಾಷನಲ್ ಎಂಬ ಸಂಘಟನೆಯ ವಿದೇಶಿ ಸ್ವಯಂಸೇವಕರು ಬಂದು, ಅಲ್ಲಿಯೇ ಉಳಿದು, ರೋಗಿಗಳ ಜೊತೆ ಇಟ್ಟಿಗೆ ಹೊತ್ತು ಕಟ್ಟಡ ಕಟ್ಟಿದರು, ಅಲ್ಲಿ ಬೆಳೆದದ್ದನ್ನೇ ಉಂಡರು. ಊರವರು ಅದನ್ನು ನೋಡಿದರು. ಆಮೇಲೆ ತರಕಾರಿಗೆ ಗಿರಾಕಿ ಹುಟ್ಟಿತು.

ಸ್ವಯಂಸೇವಕರನ್ನು ಪರಿಚಯಿಸುವುದು ಹೇಗೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ನನಗೆ ಸಿಕ್ಕಿಲ್ಲ. ಅವರು ಎಷ್ಟು ತ್ಯಾಗ ಮಾಡಿದರು ಎಂದು ಯಾರೂ ಊರವರಿಗೆ ಹೇಳಲಿಲ್ಲ. ಜೊತೆಗೆ ಕೂತು ಉಂಡರು, ಅಷ್ಟೆ. ನಮ್ಮ ಸಭೆಗಳಲ್ಲಿ ಸ್ವಯಂಸೇವಕರನ್ನು ಸಾಲಾಗಿ ನಿಲ್ಲಿಸಿ, ಇಂಥ ಕಂಪನಿಯ ಉದ್ಯೋಗಿ, ರಜಾದಿನವನ್ನೂ ಬಿಟ್ಟುಕೊಟ್ಟವರು ಎಂದು ಗುಲಾಬಿ ಕೊಡುತ್ತಾರೆ. ಅದರಿಂದ ದಾನಿಗೆ ತಿಳಿಯುವುದು ಆ ವ್ಯಕ್ತಿಯ ಒಳ್ಳೆಯತನ ಮಾತ್ರ. ಕೆಲಸ ಹೇಗಿರುತ್ತದೆ ಎಂಬುದು ತಿಳಿಯುವುದಿಲ್ಲ. ಆ ಸಂಜೆ ಲಕೋಟೆ ಹಂಚುತ್ತಿದ್ದ ಹುಡುಗಿಯೊಬ್ಬಳು ತಿಂಗಳಿಗೆ ಎರಡು ಸಲ ಬಸ್ಸಿನಲ್ಲಿ ಆ ಹಳ್ಳಿಗೆ ಹೋಗಿ, ಬ್ಯಾಂಕಿನ ಕಾಗದಗಳನ್ನು ಓದಿ ಹೇಳಿ, ಅರ್ಜಿ ತುಂಬಿ ಬರುತ್ತಿದ್ದಳು. ಅವಳ ಮೂರು ನಿಮಿಷದ ಮಾತು ಸಾಕಿತ್ತು: ಯಾವ ಕಾಗದ, ಎಷ್ಟು ಸಲ ತಿರಸ್ಕಾರವಾಯಿತು, ಕೊನೆಗೆ ಯಾವ ಮೇಜಿನಲ್ಲಿ ಮುದ್ರೆ ಬಿತ್ತು. ತನ್ನ ಹಣ ಯಾವ ಬಸ್ಸು ಹತ್ತುತ್ತದೆ, ಯಾವ ಮೇಜು ಮುಟ್ಟುತ್ತದೆ ಎಂದು ದಾನಿಗೆ ಕಾಣುತ್ತಿತ್ತು. ಯಾರ ಸಾವನ್ನೂ ಹೇಳಬೇಕಾಗುತ್ತಿರಲಿಲ್ಲ.

ಇನ್ನು ನೆರವು ಪಡೆದವರ ಪರಿಚಯ. ಆನಂದವನ ಇದಕ್ಕೆ ಕಂಡುಕೊಂಡ ದಾರಿ 'ಸ್ವರಾನಂದವನ' ಎಂಬ ವಾದ್ಯವೃಂದ. ಬಾಬಾ ಅವರ ಮಗ ವಿಕಾಸ ಆಮ್ಟೆ 2002ರಲ್ಲಿ ಇದನ್ನು ಕಟ್ಟಿದರು. ಕುಷ್ಠದಿಂದ ಗುಣವಾದವರು, ಅಂಧರು, ಕಿವುಡರು, ಅಂಗವಿಕಲರು ಇದರಲ್ಲಿ ಹಾಡುತ್ತಾರೆ, ಬಾರಿಸುತ್ತಾರೆ, ಕುಣಿಯುತ್ತಾರೆ. ಇಲ್ಲಿ ವೇದಿಕೆಯ ಲೆಕ್ಕಾಚಾರ ಬುಡಮೇಲಾಗುತ್ತದೆ. ಪ್ರೇಕ್ಷಕನಿಗೆ ಏನನ್ನಾದರೂ ಕೊಡುವವರು ವೇದಿಕೆಯ ಮೇಲಿರುವವರೇ. ಹಾಡು ಹಿಡಿಸಿದರೆ ಚಪ್ಪಾಳೆ, ಶ್ರುತಿ ತಪ್ಪಿದರೆ ಅದೂ ಕಿವಿಗೆ ಬೀಳುತ್ತದೆ. ಹಣ ಕೊಡುವವನು ಆ ಹೊತ್ತಿಗೆ ಕೇಳುಗನೂ ಆಗಿರುತ್ತಾನೆ.

ಕನ್ನಡಿಗರಿಗೆ ಇದು ಹೊಸದಲ್ಲ. ಗದುಗಿನ ವೀರೇಶ್ವರ ಪುಣ್ಯಾಶ್ರಮ ಇದನ್ನು ಬಹಳ ಹಿಂದೆಯೇ ಮಾಡಿತ್ತು. ಪಂಚಾಕ್ಷರಿ ಗವಾಯಿಗಳು ಕಟ್ಟಿದ ಆಶ್ರಮದ ನಾಟಕ ಕಂಪನಿಯನ್ನು ಪುಟ್ಟರಾಜ ಗವಾಯಿಗಳು ನಾಟಕ ಬರೆದು, ಸಂಗೀತ ಕೂಡಿಸಿ ಬೆಳೆಸಿದರು. ಊರೂರು ತಿರುಗಿ ಆಡಿದ ನಾಟಕಗಳ ಗಳಿಕೆ ಅಂಧ ಮಕ್ಕಳ ಅನ್ನಕ್ಕೂ ಸಂಗೀತಪಾಠಕ್ಕೂ ಆಸರೆಯಾಯಿತು. ಜನ ಟಿಕೆಟ್ ಕೊಂಡು ಒಳಗೆ ಬಂದರು. ಈ 'ಟಿಕೆಟ್' ಎಂಬುದು ಸಣ್ಣ ಸಂಗತಿಯಲ್ಲ. ಟಿಕೆಟ್ ಕೊಂಡವನು ನಾಟಕ ಚೆನ್ನಾಗಿರಲಿ ಎಂದು ಬಯಸುತ್ತಾನೆ, ಚೆನ್ನಾಗಿದ್ದರೆ ಮತ್ತೆ ಬರುತ್ತಾನೆ. ಲಕೋಟೆಗೆ ಹಣ ಹಾಕಿದವನು ತನ್ನ ಕರ್ತವ್ಯ ಮುಗಿಯಿತೆಂದು ಮನೆಗೆ ಹೋಗುತ್ತಾನೆ. ಒಂದರಲ್ಲಿ ನಂಟು ಶುರುವಾಗುತ್ತದೆ, ಇನ್ನೊಂದರಲ್ಲಿ ಅದು ಅಲ್ಲಿಗೇ ತೀರುತ್ತದೆ.

ಆದರೂ ಕಲಾಪ್ರದರ್ಶನದ ಈ ದಾರಿಗೆ ಎರಡು ಮಿತಿಗಳಿವೆ. ಮೊದಲನೆಯದು ನಿರೂಪಣೆ. ಇಂಥ ಎಷ್ಟೋ ಕಾರ್ಯಕ್ರಮಗಳಲ್ಲಿ ಪ್ರತಿ ಹಾಡಿನ ಮುಂಚೆ ಹಾಡುವವರ ಕೊರತೆಯನ್ನು ಹೇಳಿ, ನಂತರ ಹೆಸರು ಹೇಳುತ್ತಾರೆ. ಆಗ ಕೇಳುಗ ಹಾಡನ್ನು ಕೇಳುವುದಿಲ್ಲ, ಕಣ್ಣಿಲ್ಲದಿದ್ದರೂ ಹಾಡಿದರಲ್ಲ ಎಂದು ಬೆರಗಾಗುತ್ತಾನೆ. ಆ ಬೆರಗಿನಲ್ಲಿ ಕನಿಕರವೇ ವೇಷ ಬದಲಿಸಿ ಕೂತಿರುತ್ತದೆ. ಮೊದಲು ಹೆಸರು, ಆಮೇಲೆ ಹಾಡು ಇರಬೇಕು. ಬೇರೆ ಏನಾದರೂ ಹೇಳುವುದಿದ್ದರೆ ಹಾಡಿದವರೇ ಕೊನೆಗೆ ಹೇಳಲಿ. ಎರಡನೆಯದು ಇನ್ನೂ ಗಂಭೀರ: ಹಾಡಲು ಬಾರದವರು ಏನು ಮಾಡಬೇಕು? ಪ್ರತಿಭೆ ಇದ್ದವರಿಗಷ್ಟೇ ಮರ್ಯಾದೆ ಸಿಗುವುದಾದರೆ, ಯವತಮಾಳದ ಆ ತಾಯಿಗೆ ಮತ್ತೆ ಉಳಿಯುವುದು ಕಣ್ಣೀರೇ.

ಸಂಘಟಕರು ಒಬ್ಬರ ಕಥೆಗೆ ಅಷ್ಟು ಅಂಟಿಕೊಳ್ಳಲು ಕಾರಣ ಇಲ್ಲದಿಲ್ಲ. ಡೆಬೊರಾ ಸ್ಮಾಲ್, ಜಾರ್ಜ್ ಲೋವೆನ್‌ಸ್ಟೈನ್, ಪಾಲ್ ಸ್ಲೋವಿಕ್ ಎಂಬ ಸಂಶೋಧಕರು 2007ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಭಾಗವಹಿಸಿದವರ ಕೈಗೆ 5 ಡಾಲರ್ ಬಂದಿತ್ತು, ಅದರಲ್ಲಿ ಇಷ್ಟವಾದಷ್ಟನ್ನು ದಾನ ಮಾಡಬಹುದಿತ್ತು. ಆಫ್ರಿಕಾದ ಹಸಿವಿನ ಅಂಕಿಅಂಶ ಓದಿದವರು ಸರಾಸರಿ 1.14 ಡಾಲರ್ ಕೊಟ್ಟರು. ಮಾಲಿ ದೇಶದ ರೋಕಿಯಾ ಎಂಬ ಏಳು ವರ್ಷದ ಹುಡುಗಿಯ ಬಗ್ಗೆ ಓದಿದವರು 2.38 ಡಾಲರ್ ಕೊಟ್ಟರು. ಎರಡನ್ನೂ ಒಟ್ಟಿಗೆ ಓದಿದವರ ದಾನ 1.43ಕ್ಕೆ ಇಳಿಯಿತು. ಲೆಕ್ಕಕ್ಕಿಂತ ಮುಖ ಹೆಚ್ಚು ಹಣ ತರುತ್ತದೆ ಎಂಬುದು ನಿಜ. ಆದರೆ ಆ ಪ್ರಯೋಗ ಅಳೆದದ್ದು ಆ ಗಳಿಗೆಯ ಕೊಡುಗೆಯನ್ನು, ಮುಂದಿನ ವರ್ಷದ ನಂಟನ್ನಲ್ಲ. ಇನ್ನೂ ಮುಖ್ಯವಾದದ್ದೆಂದರೆ ರೋಕಿಯಾ ಕಾಗದದಲ್ಲಿದ್ದಳು. ತನ್ನ ಬಗ್ಗೆ ಬರೆದದ್ದನ್ನು ಕೇಳಿಸಿಕೊಳ್ಳುತ್ತ ಅವಳು ಅಲ್ಲಿ ನಿಂತಿರಲಿಲ್ಲ. ಸಭಾಂಗಣದಲ್ಲಿ ನಿಂತವರಿಗೆ ಕಿವಿಯಿದೆ, ಮೂರನೆಯ ಸಾಲಿನಲ್ಲಿ ಮಗನಿದ್ದಾನೆ.

ಆ ಸಂಜೆಯನ್ನು ಮತ್ತೆ ಕಟ್ಟುವುದಾದರೆ ಕೆಲಸ ಹಳ್ಳಿಯಲ್ಲೇ ಶುರುವಾಗಬೇಕು. ಕಾರ್ಯಕ್ರಮಕ್ಕೆ ಎರಡು ವಾರ ಮುಂಚೆ, ಆಕೆಗೆ ಪರಿಚಯವಿರುವ ಆ ಹುಡುಗಿಯೇ ಹೋಗಿ ಕೇಳಬೇಕು: ಬರುತ್ತೀರಾ? ಏನು ಹೇಳಬೇಕು, ಏನು ಹೇಳಬಾರದು? ಜೊತೆಗೆ ಯಾರು ಬರುತ್ತಾರೆ, ಅವರಿಗೆ ಏನೇನು ಗೊತ್ತು? ಈ ಕೊನೆಯ ಪ್ರಶ್ನೆಯೊಂದನ್ನು ಕೇಳಿದ್ದರೆ ಆ ಹುಡುಗ ಆ ಆಘಾತದಿಂದ ಪಾರಾಗುತ್ತಿದ್ದ. 'ಇಲ್ಲ' ಎಂದರೂ ನೆರವು ನಿಲ್ಲುವುದಿಲ್ಲ ಎಂದು ಬಾಯಿಬಿಟ್ಟು ಹೇಳಬೇಕು. ಹಂಗಿನಲ್ಲಿರುವವರ 'ಹೂಂ' ಒಪ್ಪಿಗೆಯಾಗುವುದಿಲ್ಲ. ನಿರೂಪಕರು ಓದುವ ಸಾಲುಗಳನ್ನು ಮರಾಠಿಯಲ್ಲಿ ಅವರಿಗೆ ಓದಿ ಕೇಳಿಸಬೇಕು. ಫೋಟೊಗೆ ಬೇರೆಯಾಗಿಯೇ ಕೇಳಬೇಕು, ಏಕೆಂದರೆ ಮಾತು ಸಭೆಯಲ್ಲೇ ಮುಗಿದೀತು, ಚಿತ್ರ ವಾಟ್ಸಾಪಿನಲ್ಲಿ ಅವರ ಊರಿಗೇ ವಾಪಸು ಬರುತ್ತದೆ. ಪ್ರಯಾಣದ ಖರ್ಚಿನ ಜೊತೆ ಆ ದಿನದ ಕೂಲಿಯನ್ನೂ ಕೊಡಬೇಕು. ವೇದಿಕೆ ಹತ್ತುವ ಕ್ಷಣದಲ್ಲಿ ಮನಸ್ಸು ಬದಲಾದರೆ ಆ ಹುಡುಗಿ ತನ್ನ ಬಸ್ಸಿನ ಕಥೆಯೊಂದಿಗೆ ಸಿದ್ಧವಾಗಿರಬೇಕು.

ಸಭೆಯ ಕ್ರಮದಲ್ಲೂ ಎರಡು ಬದಲಾವಣೆ ಬೇಕು. ಪರಿಚಯಕ್ಕೂ ಹಣ ಕೇಳುವುದಕ್ಕೂ ನಡುವೆ ಅಂತರವಿರಲಿ. ಕೇಳುವವರು ಸಂಸ್ಥೆಯ ವಿಶ್ವಸ್ತರಾಗಿರಲಿ, ಆ ತಾಯಿಯ ಮುಖವನ್ನು ಮುಂದಿಟ್ಟು ಕೇಳುವುದು ಬೇಡ. ಇನ್ನು ವೇದಿಕೆಗಿಂತ ಊಟದ ಮೇಜು ಮೇಲು. ಆರೇಳು ದಾನಿಗಳ ನಡುವೆ ಆಕೆಯೂ ಆ ಹುಡುಗಿಯೂ ಕೂತರೆ, ಪ್ರಶ್ನೆ ಎರಡೂ ಕಡೆಯಿಂದ ಬರುತ್ತದೆ. ಹೀಗೆ ಮಾಡಿದರೆ ಆ ರಾತ್ರಿಯ ಮೊತ್ತ ಕಡಿಮೆಯಾಗಬಹುದು ಎಂಬುದನ್ನು ನಾನು ಒಪ್ಪುತ್ತೇನೆ. ಕಡಿಮೆಯಾದ ಆ ಹಣವನ್ನು ಒಬ್ಬ ಮಗನ ಎದೆಯಿಂದ ವಸೂಲು ಮಾಡುವುದು ಸೇವೆಯಲ್ಲ.

ಸರಿಯಾಯಿತೋ ಇಲ್ಲವೋ ಎಂದು ತಿಳಿಯಲು ನಾನು ಈಗ ಒಂದನ್ನೇ ನೋಡುತ್ತೇನೆ: ವೇದಿಕೆಯ ಮೇಲೆ ಹೇಳಿದ್ದನ್ನು ಆ ವ್ಯಕ್ತಿ ಮರುದಿನ ತನ್ನೂರಿನ ಕಟ್ಟೆಯ ಮೇಲೆ ತಾನಾಗಿ ಹೇಳಿಕೊಳ್ಳಬಲ್ಲರೇ?

ಆ ರಾತ್ರಿ ಹೊರಗೆ ಜೀಪಿಗಾಗಿ ಕಾಯುತ್ತಿದ್ದಾಗ ಆಕೆಯ ಜೊತೆ ಎರಡು ಮಾತಾಡಿದೆ. ಮಗ ದೂರದಲ್ಲಿ ಬೆನ್ನು ತಿರುಗಿಸಿ ನಿಂತಿದ್ದ. ಅವರು ಹೊಲಿಗೆ ಯಂತ್ರದ ಮಾತು ಎತ್ತಲೇ ಇಲ್ಲ. ಅದು ಅವರು ಕೇಳಿದ್ದಾಗಿರಲಿಲ್ಲ. ಗಂಡ ಹೋದ ಮೇಲೆ ಹೊಲವನ್ನು ಬೇರೆಯವರಿಗೆ ಬಿಡದೆ ತಾವೇ ಬಿತ್ತಿದ್ದನ್ನು ಹೇಳಿದರು. ಹತ್ತಿಯನ್ನೇ ನೆಚ್ಚದೆ ನಡುನಡುವೆ ತೊಗರಿಯ ಸಾಲು ಹಾಕಿದ್ದರಂತೆ. ಹತ್ತಿ ಕೈಕೊಟ್ಟ ವರ್ಷವೂ ತೊಗರಿ ಮನೆಗೆ ಬಂತು, ಸಾಲದ ಒಂದು ಕಂತು ತೀರಿತು. ಅದನ್ನು ಹೇಳುವಾಗ ಅವರ ದನಿ ಗಟ್ಟಿಯಾಗಿತ್ತು. ಒಳಗೆ ಕುಳಿತ ಇನ್ನೂರು ಜನ ಕೇಳಬೇಕಾಗಿದ್ದ ಪರಿಚಯ ಅದಾಗಿತ್ತು. ವೇದಿಕೆಯಲ್ಲಿ ಅದನ್ನು ಹೇಳಿದ್ದರೆ ಆ ಮಗನೂ ತಲೆಯೆತ್ತಿ ಕೇಳುತ್ತಿದ್ದ.