ಜಾರುವ ಕ್ಲಾಕ್, ಹಿಡಿಯುವ ಲೂಪ್

ಸೆಕೆಂಡಿಗೆ 1 ಲಕ್ಷ ಸಿಂಬಲ್‌ಗಳು +1, −1 ಎಂಬ ಎರಡೇ ಮಟ್ಟಗಳಲ್ಲಿ ಬರುತ್ತಿವೆ. ರಿಸೀವರ್ ಸಿಂಬಲ್‌ಗೆ 4ರಂತೆ ಸ್ಯಾಂಪಲ್ ತೆಗೆಯಬೇಕು. ಅದರ ಕ್ರಿಸ್ಟಲ್ ಹತ್ತು ಲಕ್ಷಕ್ಕೆ 50ರಷ್ಟು ವೇಗವಾಗಿ ಓಡುವುದರಿಂದ ನಿಜಕ್ಕೂ ಸಿಗುವುದು 4.0002. ಇದನ್ನು ಕಡೆಗಣಿಸಿ ನಾಲ್ಕು ನಾಲ್ಕೇ ಎಣಿಸುತ್ತ ಹೋದರೆ 0.1 ಸೆಕೆಂಡಿಗೆ ಅರ್ಧ ಸಿಂಬಲ್ ಜಾರುತ್ತೇವೆ. ಅಲ್ಲಿ ಓದಿದ್ದು +1ರಿಂದ −1ಕ್ಕೆ ಇಳಿಯುತ್ತಿರುವ ಏಣು. 0.2 ಸೆಕೆಂಡಿಗೆ ಲೆಕ್ಕದಲ್ಲಿ ಒಂದು ಸಿಂಬಲ್ ಹೆಚ್ಚಾಗಿ, ಅಲ್ಲಿಂದಾಚೆ ಫ್ರೇಮ್ ಪೂರ್ತಿ ಒಂದು ಸ್ಥಾನ ಸರಿದಿರುತ್ತದೆ.

ಇದಕ್ಕೆ ಫ್ಲಾಯ್ಡ್ ಗಾರ್ಡ್ನರ್ 1986ರಲ್ಲಿ ಪ್ರಕಟಿಸಿದ ವಿಧಾನ ಇಂದಿಗೂ ಬಳಕೆಯಲ್ಲಿದೆ. ಅದರ ಲೂಪನ್ನು ಸಾಲುಸಾಲಾಗಿ ನೋಡೋಣ.

```
cur = interp(x, t)
mid = interp(x, t - T/2)
```

`t` ಪೂರ್ಣಾಂಕವಾಗಿರಬೇಕಿಲ್ಲ. ಎರಡು ಸ್ಯಾಂಪಲ್‌ಗಳ ನಡುವಿನ ಬೆಲೆಯನ್ನು ಅಕ್ಕಪಕ್ಕದವುಗಳಿಂದ ಲೆಕ್ಕ ಹಾಕುತ್ತೇವೆ. `T` ಅಂದರೆ 4. ಕ್ರಿಸ್ಟಲನ್ನು ಮುಟ್ಟುವುದೇ ಇಲ್ಲ.

```
e = mid * (cur - prev)
```

`prev` ಎಂದರೆ ಹಿಂದಿನ ಸುತ್ತಿನ `cur`. −1ರಿಂದ +1ಕ್ಕೆ ಏರುವಾಗ ನಟ್ಟನಡುವೆ ಸೊನ್ನೆ ಸಿಗಬೇಕು. ನಾವು ತಡವಾಗಿದ್ದರೆ `mid` ಆಗಲೇ ಸೊನ್ನೆ ದಾಟಿರುತ್ತದೆ, `e` ಧನ; ಬೇಗ ಬಂದಿದ್ದರೆ ಋಣ. ಇಳಿಯುವಾಗ ಎರಡೂ ಚಿಹ್ನೆ ತಿರುಗುವುದರಿಂದ ಫಲ ಅದೇ. ಆದರೆ ಒಂದೇ ಮಟ್ಟ ಸಾಲಾಗಿ ಬಂದರೆ ಆವರಣ ಸೊನ್ನೆಯಾಗುತ್ತದೆ, ಕಾಲದ ಸುಳಿವೇ ಸಿಗುವುದಿಲ್ಲ.

```
v = v + k2 * e
```

ಜನ ಅನಗತ್ಯವೆಂದು ಕಿತ್ತುಹಾಕುವ ಸಾಲು ಇದು. ನನ್ನ ಮಟ್ಟಿಗೆ ಲೂಪಿನ ಜೀವ ಇಲ್ಲೇ ಇದೆ. `e` ಈ ಗಳಿಗೆಯ ತಪ್ಪನ್ನಷ್ಟೇ ಹೇಳುತ್ತದೆ. `v` ಕ್ಲಾಕ್ ಎಷ್ಟು ವೇಗದಲ್ಲಿ ಜಾರುತ್ತಿದೆ ಎಂಬುದನ್ನು ಕೂಡಿಟ್ಟುಕೊಳ್ಳುತ್ತದೆ. ನಮ್ಮ ಉದಾಹರಣೆಯಲ್ಲಿ ಅದು −0.0002ರಲ್ಲಿ ನೆಲೆಸುತ್ತದೆ. ಬದಲಾವಣೆಯಿಲ್ಲದ ಬಿಟ್‌ಗಳು ಬಂದಾಗಲೂ ಆ ತಿದ್ದುಪಡಿ ತಾನಾಗಿ ಮುಂದುವರಿಯುತ್ತದೆ.

```
t = t + T - v - k1 * e
```

`v` ಇಲ್ಲದಿದ್ದರೆ ಜಾರುವಿಕೆಯನ್ನೆಲ್ಲ `k1 * e` ಒಂದೇ ಹೊರಬೇಕು, ಅಂದರೆ `e` ಎಂದೂ ಸೊನ್ನೆಗೆ ಬರುವುದಿಲ್ಲ. `k1` 0.01 ಎಂದಿಟ್ಟುಕೊಳ್ಳಿ: ಇಲ್ಲಿ ಉಳಿಯುವ `e` −0.02, ಯಾರಿಗೂ ಗೊತ್ತಾಗದು. ಕ್ರಿಸ್ಟಲ್ ಇಲ್ಲದ ಅಗ್ಗದ ಕ್ಲಾಕ್ 0.5% ತಪ್ಪಿದ್ದರೆ `e` −2 ಆಗಬೇಕು. ನಮ್ಮ ಮಟ್ಟಗಳಲ್ಲಿ ಅದರ ಸರಾಸರಿ ಅಷ್ಟು ದೂರ ಹೋಗುವುದೇ ಇಲ್ಲ, ಲೂಪ್ ಸೋಲುತ್ತದೆ.

ಲೂಪ್ ಸರಿಯಿದ್ದಾಗಲೂ 5000 ಸಿಂಬಲ್‌ಗೊಮ್ಮೆ `t`ಯ ಪೂರ್ಣಾಂಕ 4ರ ಬದಲು 5 ಹೆಜ್ಜೆ ಇಡುತ್ತದೆ. ಬಫರ್ ಸದಾ ನಾಲ್ಕೇ ಸ್ಯಾಂಪಲ್ ಕೊಡುವಂತೆ ಬರೆದಿದ್ದರೆ ತಪ್ಪು ಅಲ್ಲಿ ನುಸುಳುತ್ತದೆ. ದೋಷಗಳು ಸಮ ಅಂತರದ ಗುಂಪುಗಳಾಗಿ ಬಂದರೆ ಗದ್ದಲಕ್ಕಿಂತ ಮೊದಲು ಕ್ಲಾಕನ್ನು ಅನುಮಾನಿಸಿ, `v`ಯನ್ನು ಲಾಗ್‌ನಲ್ಲಿ ಬರೆಸಿ ನೋಡಿ.