ಪೊಲಿಬೆಟ್ಟದ ಹದಿನೈದು ರೂಪಾಯಿ

ಪೊಲಿಬೆಟ್ಟ ಅಂದ್ರೆ ನಮಗೆಲ್ಲ ಕಾಫಿ, ಕರಿಮೆಣಸು, ಮಳೆ. ಶೇರುಪೇಟೆಯವರಿಗೆ ಅದು ಟಾಟಾ ಕಾಫಿ ಕಂಪನಿಯ ನೋಂದಾಯಿತ ಕಚೇರಿ ಇದ್ದ ಊರು. 2022ರ ಮಾರ್ಚ್ 29ರಂದು ಈ ಕಂಪನಿಯನ್ನು ಟಾಟಾ ಕನ್ಸ್ಯೂಮರ್ ಪ್ರಾಡಕ್ಟ್ಸ್‌ನಲ್ಲಿ ವಿಲೀನ ಮಾಡುವ ಯೋಜನೆ ಪ್ರಕಟವಾಯಿತು. ಆಮೇಲೆ ನಮ್ಮ ಕಡೆಯ ಗೆಳೆಯನೊಬ್ಬ ಬೆಂಗಳೂರಿನಲ್ಲಿ ಕಾಫಿ ಕುಡೀತಾ ಹೇಳಿದ್ದು: "ಎರಡು ಶೇರಿನ ಬೆಲೆ ನಡುವೆ ಗ್ಯಾಪ್ ಇದೆ, ಪುಕ್ಕಟೆ ದುಡ್ಡು ಮಾರಾಯ." ನನ್ನ ತಕರಾರು ಇರುವುದು ಈ 'ಪುಕ್ಕಟೆ' ಅನ್ನೋ ಪದದ ಮೇಲೆ.

ಮೊದಲು ಅನುಪಾತ ನೋಡೋಣ. ಯೋಜನೆಯಲ್ಲಿ ಎರಡು ಹಂತ ಇತ್ತು. ತೋಟದ ವ್ಯವಹಾರವನ್ನು ಬೇರ್ಪಡಿಸುವುದಕ್ಕೆ 22 ಟಾಟಾ ಕಾಫಿ ಶೇರಿಗೆ 1 ಟಾಟಾ ಕನ್ಸ್ಯೂಮರ್ ಶೇರು, ಉಳಿದದ್ದನ್ನು ವಿಲೀನ ಮಾಡುವುದಕ್ಕೆ 55 ಶೇರಿಗೆ 14. ಎರಡನ್ನೂ ಕೂಡಿದರೆ 10 ಶೇರಿಗೆ ಸರಿಯಾಗಿ 3. ಒಂದೇ ಸಾಲು ಓದಿ ಲೆಕ್ಕ ಹಾಕಿದವರಿಗೆ ಇಲ್ಲೇ ಎಡವಟ್ಟಾಗುತ್ತೆ.

ಲೆಕ್ಕಕ್ಕೆ ದುಂಡಗಿನ ಬೆಲೆ ಇಟ್ಕೊಳ್ಳೋಣ. ಇವು ಆ ದಿನದ ಪೇಟೆ ದರ ಅಲ್ಲ, ಉದಾಹರಣೆಗೆ ಮಾತ್ರ. ಟಾಟಾ ಕನ್ಸ್ಯೂಮರ್ 800 ರೂಪಾಯಿ, ಟಾಟಾ ಕಾಫಿ 225. ಹತ್ತಕ್ಕೆ ಮೂರರ ಲೆಕ್ಕದಲ್ಲಿ ಒಂದು ಟಾಟಾ ಕಾಫಿಯ ಬೆಲೆ 240. ಗ್ಯಾಪ್ 15 ರೂಪಾಯಿ, ಅಂದರೆ ಸುಮಾರು 6.7%. ಬರೀ 14/55 ಹಿಡಿದರೆ 204 ರೂಪಾಯಿ ಬರುತ್ತೆ; ಲಾಭದ ಜಾಗದಲ್ಲಿ ನಷ್ಟ ಕಾಣುತ್ತೆ.

ಈ 15 ರೂಪಾಯಿಯನ್ನು ಹಿಡಿದಿಡಬೇಕಾದರೆ 10 ಟಾಟಾ ಕಾಫಿ ಕೊಂಡಾಗಲೇ 3 ಟಾಟಾ ಕನ್ಸ್ಯೂಮರ್ ಶೇರಿನಷ್ಟು ಫ್ಯೂಚರ್ಸ್ ಮಾರಬೇಕು. ಇಲ್ಲದಿದ್ದರೆ ಟಾಟಾ ಕನ್ಸ್ಯೂಮರ್ ಬಿದ್ದ ದಿನ ಗ್ಯಾಪ್ ಕೂಡ ಮಾಯ. ಫ್ಯೂಚರ್ಸ್ ಬೆಲೆ ಸಾಮಾನ್ಯವಾಗಿ ನಗದು ಬೆಲೆಗಿಂತ ತುಸು ಜಾಸ್ತಿ ಇರುವುದರಿಂದ, ಮಾರಿದವನಿಗೆ ಹೂಡಿದ ಹಣದ ಬಡ್ಡಿ ಹೆಚ್ಚುಕಡಿಮೆ ಅಲ್ಲೇ ಸಿಗುತ್ತೆ. ಹಾಗಾಗಿ 15 ರೂಪಾಯಿಯನ್ನು ಬಡ್ಡಿಯ ಮೇಲೆ ಸಿಗುವ ಕೂಲಿ ಅಂದ್ಕೊಳ್ಳಿ. ಆದರೆ ಮಾರ್ಜಿನ್ ಕಟ್ಟಬೇಕಲ್ಲ? ಒಂದು ಶೇರಿಗೆ 50 ರೂಪಾಯಿ ಅಂತಿಟ್ಟರೆ ಸಿಕ್ಕಿಕೊಂಡ ಹಣ 275. ಕೂಲಿ 6.7% ಅಲ್ಲ, 5.5%.

ಈಗ ಡೀಲ್ ಮುರಿಯುವ ಮಾತು. ಮುರಿದರೆ ಟಾಟಾ ಕಾಫಿ 200ಕ್ಕೆ ಇಳಿದು, ಟಾಟಾ ಕನ್ಸ್ಯೂಮರ್ ಇದ್ದಲ್ಲೇ ಇರುತ್ತೆ ಅನ್ನೋಣ. ಗೆದ್ದರೆ 15, ಸೋತರೆ 25. ಹಾಗಾದರೆ ಗೆಲ್ಲುವ ಸಾಧ್ಯತೆ 62.5% ಇದ್ದರೆ ಲೆಕ್ಕ ಸಮ. ಟಾಟಾ ಕಾಫಿಯ 57.48% ಶೇರು ಆಗಲೇ ಟಾಟಾ ಕನ್ಸ್ಯೂಮರ್ ಕೈಯಲ್ಲಿತ್ತು; ಕೊಳ್ಳುವವನೇ ಮನೆಯ ಯಜಮಾನ. ಹಾಗಾಗಿ ಗೆಲ್ಲುವ ಸಾಧ್ಯತೆ 90% ಅಂದರೆ ಯಾರೂ ನಗಲಾರರು. ಆಗ ನಿರೀಕ್ಷಿತ ಲಾಭ 13.5ರಿಂದ 2.5 ಕಳೆದು 11 ರೂಪಾಯಿ, ಅಂದರೆ 275ಕ್ಕೆ 4%. ಈ ಲೆಕ್ಕದ ಬಡಕಲು ಕಾಲು ಆ 200. ಅದು ಊಹೆ. ಘೋಷಣೆಗೆ ಮುಂಚಿನ ಬೆಲೆಯಿಂದ ಶುರು ಮಾಡಿ, ಆಮೇಲೆ ಇಡೀ ಪೇಟೆ ಎಷ್ಟು ಏರಿದೆ, ಇಳಿದಿದೆ ಅಂತ ಸರಿಪಡಿಸದಿದ್ದರೆ ಸಾಧ್ಯತೆಯೂ ಸುಳ್ಳು ಹೇಳುತ್ತೆ.

ಆದರೆ ಗೆಳೆಯನ ಲೆಕ್ಕವನ್ನು ನಿಜವಾಗಿ ಕೆಡಿಸಿದ್ದು ಮುರಿಯುವ ಭಯ ಅಲ್ಲ, ಕ್ಯಾಲೆಂಡರು. ಅವನು ಒಂದು ವರ್ಷ ಅಂದ್ಕೊಂಡಿದ್ದ. ಶೇರುದಾರರ ಮತ, ಕೋಲ್ಕತಾ ಮತ್ತು ಬೆಂಗಳೂರು ಎರಡೂ ಕಡೆ ಕಂಪನಿ ನ್ಯಾಯಮಂಡಳಿಯ ಒಪ್ಪಿಗೆ, ಎಲ್ಲ ಮುಗಿದು ಯೋಜನೆ ಜಾರಿಯಾದದ್ದು 2024ರ ಜನವರಿ 1ರಂದು. ಶೇರು ಯಾರಿಗೆ ಸಲ್ಲಬೇಕು ಅಂತ ನಿರ್ಧರಿಸುವ ರೆಕಾರ್ಡ್ ದಿನಾಂಕ ಜನವರಿ 15. ಅಂದರೆ 21 ತಿಂಗಳ ಮೇಲೆ. 4% ಅನ್ನು 21ರಿಂದ ಭಾಗಿಸಿ 12ರಿಂದ ಗುಣಿಸಿ: ವರ್ಷಕ್ಕೆ 2.3%. ಸಾಧ್ಯತೆ 100% ಇಂದ 90%ಗೆ ಇಳಿದಾಗ ಲಾಭದ ಕಾಲು ಭಾಗ ಹೋಯಿತು. ಒಂಬತ್ತು ತಿಂಗಳ ವಿಳಂಬ ಉಳಿದದ್ದರಲ್ಲಿ ಹೆಚ್ಚುಕಡಿಮೆ ಅರ್ಧ ತಿಂದಿತು.

ಇನ್ನೊಂದು ಕಷ್ಟ ಕಾಗದದ ಮೇಲೆ ಕಾಣಲ್ಲ. ನಡುವೆ ಟಾಟಾ ಕನ್ಸ್ಯೂಮರ್ 800ರಿಂದ 1,100ಕ್ಕೆ ಏರಿತು ಅನ್ನಿ. ಮಾರಿದ ಮೂರು ಶೇರಿಗೆ 900 ರೂಪಾಯಿ ನಷ್ಟವನ್ನು ಆಯಾ ದಿನವೇ ನಗದಾಗಿ ತುಂಬಬೇಕು; ಟಾಟಾ ಕಾಫಿಯ ಏರಿಕೆ ಮಾತ್ರ ಡಿಮ್ಯಾಟ್ ಖಾತೆಯಲ್ಲಿ ಬರೀ ಅಂಕಿಯಾಗಿ ಕೂತಿರುತ್ತೆ. ಹಣ ಸಾಲದೆ ಮಧ್ಯದಲ್ಲೇ ಫ್ಯೂಚರ್ಸ್ ಮುಚ್ಚಿದವನಿಗೆ ಡೀಲ್ ಯಶಸ್ವಿಯಾದರೂ ಆ ಕೂಲಿ ಕೈಗೆ ಸಿಗೋ ಖಾತ್ರಿ ಇಲ್ಲ.

ಗೆಳೆಯ ಫ್ಯೂಚರ್ಸ್ ಮಾರಿರಲೇ ಇಲ್ಲ. ಬರೀ ಟಾಟಾ ಕಾಫಿ ಕೊಂಡು ಕಾದ, ಆ ಅವಧಿಯಲ್ಲಿ ಟಾಟಾ ಕನ್ಸ್ಯೂಮರ್ ಏರಿದ್ದರಿಂದ ಚೆನ್ನಾಗೇ ಗಳಿಸಿದ. ಈಗಲೂ ಅದನ್ನು ಆರ್ಬಿಟ್ರಾಜ್ ಅಂತಾನೆ. ನಾನು ಅವನಿಗೆ ಕೇಳೋದು ಒಂದೇ: ಶೇರು ಇಳಿದಿದ್ದರೆ ಅದನ್ನ ಏನಂತಿದ್ದೆ?